ಎರಡನೆಯ ಕರಡಿನಲ್ಲಿ ಹುಟ್ಟುವ ಪ್ರಬಂಧ

ಹೈಸ್ಕೂಲು ಮಕ್ಕಳ ಪ್ರಬಂಧದ ನೋಟ್‌ಬುಕ್ಕು ಹೇಗಿರುತ್ತದೆ ಎಂಬುದು ಮನೆಯಲ್ಲಿ ಮಕ್ಕಳಿರುವ ಎಲ್ಲರಿಗೂ ಗೊತ್ತು. ಮೇಲೆ ವಿಷಯ: ಪರಿಸರ ಮಾಲಿನ್ಯ, ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು. ಕೆಳಗೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಅಡಿಗೆರೆ ಎಳೆದ ಮೂರು ತಲೆಬರಹ. ನಡುವೆ ಬೋರ್ಡಿನಿಂದಲೋ ಗೈಡಿನಿಂದಲೋ ಇಳಿಸಿಕೊಂಡ ಸಾಲುಗಳು. ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ಸುತ್ತಿದ ಕಾಗುಣಿತದ ತಪ್ಪುಗಳು, ಕೊನೆಗೊಂದು ಸಹಿ, ತಾರೀಖು. ಮಗು ಆ ಪುಟವನ್ನು ಮತ್ತೆ ತೆರೆಯುವುದಿಲ್ಲ. ತೆರೆಯಲು ಕಾರಣವೂ ಇಲ್ಲ. ಮುಂದಿನ ವಾರ ಮುಂದಿನ ವಿಷಯ.

ಈ ಪದ್ಧತಿಯಲ್ಲಿ ಮೇಷ್ಟ್ರು ಬರಹವನ್ನು ನೋಡುವುದು ಅದು ಮುಗಿದ ಮೇಲೆ. ಮೊದಲ ಸಾಲಿಗೆ ಏನು ಬರೆಯಲಿ ಎಂದು ಮಗು ಪೆನ್ನು ಕಚ್ಚುತ್ತ ಕೂತಾಗ, ಮೂರನೇ ಸಾಲಿಗೆ ಮಾತು ಮುಗಿದುಹೋದಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಸಹಾಯ ಬೇಕಿದ್ದದ್ದು ಆಗ. ಅಮೆರಿಕದ ಡೊನಾಲ್ಡ್ ಮರ್ರೆ 1972ರಲ್ಲಿ ಬರೆದ ಒಂದು ಪುಟ್ಟ ಲೇಖನದಲ್ಲಿ ಹೇಳಿದ್ದು ಇದನ್ನೇ: ಬರೆದು ಮುಗಿಸಿದ್ದನ್ನು ತಿದ್ದುವ ಬದಲು ಬರೆಯುವ ಕೆಲಸವನ್ನು ಕಲಿಸಿ. ಮರ್ರೆ ಮೇಷ್ಟ್ರಾಗುವುದಕ್ಕೆ ಮುಂಚೆ ಪತ್ರಕರ್ತರು. 1954ರಲ್ಲಿ ಸಂಪಾದಕೀಯಗಳಿಗಾಗಿ ಪುಲಿಟ್ಜರ್ ಪ್ರಶಸ್ತಿ ಪಡೆದವರು. ಒಂದು ಸಂಪಾದಕೀಯ ಅಚ್ಚಿಗೆ ಹೋಗುವ ಮುಂಚೆ ಎಷ್ಟು ಸಲ ರೂಪ ಬದಲಿಸುತ್ತದೆ ಎಂಬುದು ಅವರಿಗೆ ಕೈಯಾರೆ ಗೊತ್ತಿತ್ತು. ಶಾಲೆಯಲ್ಲಿ ಮಾತ್ರ ಮೊದಲ ಸಲಕ್ಕೇ ಸರಿಯಾಗಿ ಬರೆಯಬೇಕು ಎಂಬ ನಿಯಮ ಯಾಕೆ ಎಂಬುದು ಅವರ ಪ್ರಶ್ನೆ.

ಇದಕ್ಕೂ ಒಂದು ವರ್ಷ ಮುಂಚೆ, 1971ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ, ಜಾನೆಟ್ ಎಮಿಗ್ ಹನ್ನೆರಡನೇ ತರಗತಿಯ ಎಂಟು ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು, ಬರೆಯುವಾಗ ಮನಸ್ಸಿನಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳಿಸಿ ದಾಖಲಿಸಿದ್ದರು. ಪಠ್ಯಪುಸ್ತಕಗಳು ಹೇಳುವ ಹಾಗೆ ಯಾರೂ ಟಿಪ್ಪಣಿ, ಆಮೇಲೆ ಬರಹ, ಆಮೇಲೆ ತಿದ್ದುಪಡಿ ಎಂದು ಮೆಟ್ಟಿಲು ಹತ್ತುತ್ತಿರಲಿಲ್ಲ. ಬರೆಯುತ್ತ ಹಿಂದಕ್ಕೆ ಹೋಗುತ್ತಿದ್ದರು, ನಿಲ್ಲುತ್ತಿದ್ದರು, ದಾರಿ ಬದಲಿಸುತ್ತಿದ್ದರು. ಶಾಲೆಯ ಬರಹಕ್ಕೆ ಮಾತ್ರ ಅವರು ಎರಡನೇ ಸಲ ಕೈಹಾಕುತ್ತಿದ್ದುದು ಅಪರೂಪ.

ಈ ಯೋಚನೆಗಳಿಂದ ಬೆಳೆದ ಪದ್ಧತಿಗೆ ಪ್ರಕ್ರಿಯಾಧಾರಿತ ಬರವಣಿಗೆ ಎಂಬ ದಪ್ಪ ಹೆಸರಿದೆ. ಕೆಲಸ ಸರಳ. ಮಗು ಒಂದು ಕರಡು ಬರೆಯುತ್ತದೆ. ಅದರ ಬಗ್ಗೆ ಮೇಷ್ಟ್ರು ಕೆಲವೇ ನಿಮಿಷ ಮಗುವಿನ ಜೊತೆ ಮಾತಾಡುತ್ತಾರೆ. ಆ ಮಾತಿನ ಬಲದಲ್ಲಿ ಮಗು ಮತ್ತೆ ಬರೆಯುತ್ತದೆ. ಕಾಗುಣಿತ, ಚಿಹ್ನೆಗಳ ಸರದಿ ಎಲ್ಲಕ್ಕಿಂತ ಕೊನೆಗೆ. ಎಂಟನೇ ತರಗತಿಯ ವಯಸ್ಸಿನ ಮಕ್ಕಳಿಗೆ ಇದನ್ನು ಒಗ್ಗಿಸಿ ತೋರಿಸಿದವರಲ್ಲಿ ದೊಡ್ಡ ಹೆಸರು ನ್ಯಾನ್ಸಿ ಆಟ್‌ವೆಲ್ ಅವರದು. ಅಮೆರಿಕದ ಮೇನ್ ರಾಜ್ಯದ ಕಡಲತೀರದ ಒಂದು ಸಣ್ಣ ಊರಿನಲ್ಲಿ ಪಾಠ ಹೇಳುತ್ತಿದ್ದ ಅವರು ತಮ್ಮ ತರಗತಿಯ ಅನುಭವವನ್ನು 1987ರಲ್ಲಿ ಪುಸ್ತಕವಾಗಿ ತಂದರು. 2015ರಲ್ಲಿ ಮೊತ್ತಮೊದಲ ಜಾಗತಿಕ ಶಿಕ್ಷಕ ಪ್ರಶಸ್ತಿ ಅವರಿಗೇ ಬಂತು. ಅವರ ತರಗತಿಯ ಬೆನ್ನೆಲುಬು ಆ ಕೆಲವು ನಿಮಿಷಗಳ ಮಾತುಕತೆ. ನಮ್ಮ ಕನ್ನಡ ತರಗತಿಯಲ್ಲಿ ಅದು ಹೇಗೆ ನಡೆಯಬಹುದು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಸೊಪ್ಪಿನ ಕಂತೆ

ಎಂಟನೇ ತರಗತಿ, ವಿಷಯ ‘ನಮ್ಮೂರ ಸಂತೆ’. ಹುಡುಗಿಯೊಬ್ಬಳು ಬರೆದ ಮೊದಲ ಕರಡು ಹೀಗಿದೆ ಎಂದುಕೊಳ್ಳಿ:

“ನಮ್ಮ ಊರಿನಲ್ಲಿ ಪ್ರತಿ ಮಂಗಳವಾರ ಸಂತೆ ನಡೆಯುತ್ತದೆ. ಸಂತೆಯಲ್ಲಿ ತರಕಾರಿ, ಹಣ್ಣು, ಬಟ್ಟೆ, ಬಳೆ ಎಲ್ಲ ಸಿಗುತ್ತದೆ. ಸಂತೆಗೆ ತುಂಬ ಜನ ಬರುತ್ತಾರೆ. ನಾನು ಅಮ್ಮನ ಜೊತೆ ಸೊಪು ಮಾರಲು ಹೋಗುತ್ತೇನೆ. ಸಂತೆಯಿಂದ ರೈತರಿಗೆ ಅನುಕೂಲ. ಆದ್ದರಿಂದ ಸಂತೆ ಬಹಳ ಮುಕ್ಯವಾದುದು.”

ಕೆಂಪು ಪೆನ್ನು ಕೈಯಲ್ಲಿದ್ದರೆ ಕಣ್ಣಿಗೆ ಬೀಳುವುದು ‘ಸೊಪು’ ಮತ್ತು ‘ಮುಕ್ಯ’. ಎರಡನ್ನೂ ಸುತ್ತಿ ಕೊಟ್ಟರೆ ಹುಡುಗಿ ‘ಸೊಪ್ಪು’, ‘ಮುಖ್ಯ’ ಎಂದು ತಿದ್ದಿಕೊಂಡು ಬರುತ್ತಾಳೆ. ಪ್ರಬಂಧ ಇದ್ದಷ್ಟೇ ಬಡವಾಗಿ ಉಳಿಯುತ್ತದೆ. ಇದರಲ್ಲಿ ಯಾವ ಊರಿನ ಯಾವ ಮಗುವಾದರೂ ಬರೆಯಬಹುದಾದ ಐದು ಸಾಲುಗಳಿವೆ. ಇವಳೊಬ್ಬಳೇ ಬರೆಯಬಲ್ಲ ಸಾಲು ಒಂದೇ ಒಂದು, ನಾಲ್ಕನೆಯದು. ಅದನ್ನು ಹುಡುಕುವುದೇ ಮಾತುಕತೆಯ ಕೆಲಸ.

ಮೇಡಂ ಹುಡುಗಿಯ ಬೆಂಚಿಗೇ ಹೋಗಿ ಪಕ್ಕದಲ್ಲಿ ಕೂರುತ್ತಾರೆ. ಹಾಳೆ ಹುಡುಗಿಯ ಕೈಯಲ್ಲೇ ಇರುತ್ತದೆ, ಪೆನ್ನೂ ಅವಳ ಕೈಯಲ್ಲೇ. ಓದುವವಳೂ ಅವಳೇ. ಮೇಡಂ ಹಾಳೆ ಕೈಗೆ ತೆಗೆದುಕೊಂಡರೆ ಕಣ್ಣು ತಪ್ಪುಗಳ ಮೇಲೆ ಹೋಗುತ್ತದೆ. ಕಿವಿಯಲ್ಲಿ ಕೇಳಿದರೆ ಗಮನ ವಿಷಯದ ಮೇಲೆ ನಿಲ್ಲುತ್ತದೆ.

“ಸೊಪ್ಪು ಮಾರೋಕೆ ಹೋಗ್ತೀನಿ ಅಂತ ಒಂದೇ ಸಾಲು ಬರ್ದಿದೀಯ. ಅಲ್ಲಿ ನೀನೇನು ಮಾಡ್ತೀಯ?”

“ಕಂತೆ ಕಟ್ತೀನಿ ಮೇಡಂ. ನೀರು ಚಿಮುಕಿಸ್ತೀನಿ.”

“ಎಷ್ಟೊತ್ತಿಗೆ?”

“ಬಿಸಿಲು ಏರಿದ್ಮೇಲೆ. ಇಲ್ಲಾಂದ್ರೆ ಬಾಡೋಗುತ್ತೆ. ಬೆಳಿಗ್ಗೆ ಹತ್ತು ರೂಪಾಯಿಗೆ ಒಂದು ಕಂತೆ, ಮಧ್ಯಾಹ್ನದ ಮೇಲೆ ಎರಡು. ಸಂಜೆಗೆ ಮೂರು.”

“ಮೂರು ಕೊಡೋದು ಅಂತ ಹೇಳೋರು ಯಾರು?”

“ಅಮ್ಮ. ನಂಗೆ ಮನಸ್ಸೇ ಬರಲ್ಲ. ಬೆಳಿಗ್ಗೆ ನಾಲ್ಕು ಗಂಟೆಗೆದ್ದು ಕಿತ್ತಿರ್ತೀವಿ.”

“ಇದ್ಯಾವುದೂ ಹಾಳೇಲಿ ಇಲ್ವಲ್ಲಮ್ಮ?”

“ಇದನ್ನೆಲ್ಲ ಪ್ರಬಂಧದಲ್ಲಿ ಬರೀಬಹುದಾ ಮೇಡಂ?”

“ಬರೀಬಹುದು. ಯಾವುದರಿಂದ ಶುರು ಮಾಡ್ತೀಯ?”

“ಸಂಜೆಯಿಂದ.”

ಇಷ್ಟಕ್ಕೆ ಮೂರು ನಿಮಿಷ ಸಾಕು. ಮೇಡಂ ಒಂದು ಸಾಲನ್ನೂ ಹೇಳಿಕೊಟ್ಟಿಲ್ಲ, ‘ಚೆನ್ನಾಗಿದೆ’ ಎಂದಿಲ್ಲ, ‘ಸೊಪು’ ಬಗ್ಗೆ ಸೊಲ್ಲೆತ್ತಿಲ್ಲ. ಕೇಳಿದ್ದೆಲ್ಲ ಉತ್ತರ ತಮಗೆ ಗೊತ್ತಿಲ್ಲದ ಪ್ರಶ್ನೆಗಳು. ಸಂತೆಯಿಂದ ಏನು ಪ್ರಯೋಜನ ಎಂದು ಕೇಳಿದ್ದರೆ ಹುಡುಗಿ ಮತ್ತೆ ಗೈಡಿನ ಭಾಷೆಗೆ ಮರಳುತ್ತಿದ್ದಳು. ಕೊನೆಯ ಪ್ರಶ್ನೆಯೂ ಮುಖ್ಯವಾದದ್ದು: ಮುಂದೇನು ಮಾಡಬೇಕೆಂಬುದನ್ನು ಹುಡುಗಿಯ ಬಾಯಿಂದಲೇ ಹೊರಡಿಸಿ ಮೇಡಂ ಎದ್ದು ಹೋಗುತ್ತಾರೆ.

ಎರಡನೇ ಕರಡಿನ ಶುರು ಹೀಗೆ ಬರಬಹುದು:

“ಸಂಜೆ ಐದು ಗಂಟೆಗೆ ನಮ್ಮ ಬುಟ್ಟಿಯಲ್ಲಿ ಇನ್ನೂ ಹನ್ನೆರಡು ಕಂತೆ ಸೊಪು ಇರುತ್ತದೆ. ಅಮ್ಮ ಹತ್ತಕ್ಕೆ ಮೂರು ಎಂದು ಕೂಗುತ್ತಾಳೆ. ಬೆಳಿಗ್ಗೆ ಅದೇ ಸೊಪನ್ನು ಹತ್ತಕ್ಕೆ ಒಂದು ಮಾರಿದ್ದೆವು. ನನಗೆ ಕೂಗಲು ಮನಸ್ಸು ಬರುವುದಿಲ್ಲ. ಸಂತೆಯಲ್ಲಿ ಹಣ್ಣು, ಬಟ್ಟೆ, ಬಳೆ ಎಲ್ಲ ಸಿಗುತ್ತದೆ.”

ಕಾಗುಣಿತ ಇನ್ನೂ ತಪ್ಪಿದೆ. ಬಳೆ, ಬಟ್ಟೆಯ ಪಟ್ಟಿಯನ್ನು ಕೈಬಿಡಲು ಹುಡುಗಿಗೆ ಧೈರ್ಯ ಬಂದಿಲ್ಲ. ಬರೆದದ್ದನ್ನು ತೆಗೆದುಹಾಕುವುದು ಈ ವಯಸ್ಸಿನಲ್ಲಿ ಸೇರಿಸುವುದಕ್ಕಿಂತ ಕಷ್ಟ. ಆದರೆ ಬರಹದ ಜೀವ ಎಲ್ಲಿದೆ ಎಂಬುದು ಅವಳಿಗೆ ತಿಳಿದಿದೆ.

ಈಗ ಗೆಳತಿಯ ಸರದಿ. ಇಬ್ಬಿಬ್ಬರು ಕೂತು ಒಬ್ಬಳು ಓದಬೇಕು, ಇನ್ನೊಬ್ಬಳು ಹಾಳೆ ನೋಡದೆ ಕೇಳಬೇಕು. ಕೇಳಿಸಿಕೊಂಡವಳು ಹೇಳಬೇಕಾದದ್ದು ಎರಡೇ: ಯಾವ ಜಾಗ ನೆನಪಿನಲ್ಲಿ ಉಳಿಯಿತು, ಇನ್ನೇನು ತಿಳಿಯಬೇಕು ಅನ್ನಿಸಿತು. ಪೇಟೆಯ ಕಡೆಯಿಂದ ಬರುವ ಗೆಳತಿ, “ಮಿಕ್ಕಿದ್ದನ್ನ ಮನೇಗೆ ವಾಪಸ್ ತಗೊಂಡೋಗಿ ನಾಳೆ ಮಾರಬಹುದಲ್ಲ?” ಎಂದು ಕೇಳುತ್ತಾಳೆ. ರಾತ್ರಿ ಕಳೆದರೆ ಸೊಪ್ಪು ಹಳದಿಯಾಗುತ್ತದೆ, ಮಾರನೇ ದಿನ ದನಕ್ಕೆ ಹಾಕಬೇಕು, ಮುಂದಿನ ಸಂತೆ ಇರುವುದು ಮಂಗಳವಾರಕ್ಕೇ ಎಂದು ಇವಳು ವಿವರಿಸುತ್ತಾಳೆ. ವಿವರಿಸಿದ್ದು ಪ್ರಬಂಧದ ಒಳಗೆ ಸೇರುತ್ತದೆ. ಬೆಲೆ ಯಾಕೆ ಇಳಿಯುತ್ತದೆ ಎಂಬುದು ಓದುಗನಿಗೂ ಗೊತ್ತಾಗುತ್ತದೆ. ರೈತರಿಗೆ ಅನುಕೂಲ ಎಂಬ ಹಳೆಯ ಸಾಲನ್ನು ಹಾಗೇ ಇಟ್ಟುಕೊಳ್ಳಬಹುದೇ ಎಂಬ ಯೋಚನೆಯೂ ಹುಡುಗಿಗೆ ಆಗಲೇ ಬರುವುದು. ಬರೆದು ನೋಡುವ ತನಕ ಆ ಪ್ರಶ್ನೆ ಅವಳಿಗೆ ಎದುರಾಗಿರಲೇ ಇಲ್ಲ.

ತಪ್ಪು ತಿದ್ದುವುದಕ್ಕೂ ಒಂದು ವೇಳೆ

ಹಾಗಾದರೆ ವ್ಯಾಕರಣ, ಕಾಗುಣಿತ ಬೇಡವೇ ಎಂದು ಅಪ್ಪ ಅಮ್ಮಂದಿರು ಕೇಳುತ್ತಾರೆ. ಬೇಕು, ಕೊನೆಗೆ ಬೇಕು. ಕಾರಣ ಸೀದಾ ಇದೆ. ಮೊದಲ ಕರಡಿನಲ್ಲೇ ಕಾಗುಣಿತ ತಿದ್ದಿಕೊಟ್ಟರೆ, ಆ ಸಾಲುಗಳು ಪಾಸಾದವು ಎಂದು ಮಗು ತಿಳಿಯುತ್ತದೆ. ನಾಳೆ ಹೊಡೆದುಹಾಕಬೇಕಾದ ವಾಕ್ಯವನ್ನು ಇವತ್ತು ಶುದ್ಧಗೊಳಿಸಿ ಏನು ಬಂತು? ಹೊಸದಾಗಿ ಬರೆಯುವಾಗ ತಪ್ಪಾಗುವ ಭಯದಿಂದ ಮಗು ತನಗೆ ಕಾಗುಣಿತ ಗೊತ್ತಿರುವ ಮಾತುಗಳನ್ನಷ್ಟೇ ಆರಿಸಿಕೊಳ್ಳುತ್ತದೆ. ‘ಚಿಮುಕಿಸು’ ಎಂದು ಬರೆಯಲು ಹೆದರಿ ‘ಹಾಕು’ ಎನ್ನುತ್ತದೆ.

ನ್ಯಾನ್ಸಿ ಸೋಮರ್ಸ್ 1980ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಆಧಾರ. ಅವರು 20 ಕಾಲೇಜು ವಿದ್ಯಾರ್ಥಿಗಳನ್ನೂ 20 ಪಳಗಿದ ಬರಹಗಾರರನ್ನೂ ಹೋಲಿಸಿದರು. ವಿದ್ಯಾರ್ಥಿಗಳ ಪಾಲಿಗೆ ತಿದ್ದುವುದೆಂದರೆ ಒಂದು ಪದ ತೆಗೆದು ಇನ್ನೊಂದು ಪದ ಹಾಕುವುದು. ಪಳಗಿದವರು ತಮ್ಮ ವಾದ ಏನೆಂದು ಹುಡುಕುತ್ತ ಇಡೀ ಬರಹವನ್ನೇ ಕದಲಿಸುತ್ತಿದ್ದರು. ಪದಗಳನ್ನಷ್ಟೇ ಸುತ್ತುವ ಮೇಷ್ಟ್ರ ಪೆನ್ನು ಮಕ್ಕಳಿಗೆ ಕಲಿಸುವುದು ಮೊದಲನೆಯ ಬಗೆಯ ತಿದ್ದುವಿಕೆಯನ್ನೇ.

ಕನ್ನಡದಲ್ಲಿ ಈ ಕೊನೆಯ ಹಂತಕ್ಕೆ ಅದರದೇ ಕೆಲಸಗಳಿವೆ. ಅಲ್ಪಪ್ರಾಣ–ಮಹಾಪ್ರಾಣ, ಒತ್ತಕ್ಷರ, ಅ–ಹ, ಲ–ಳ ಗೊಂದಲಗಳು ಹೆಚ್ಚಿನ ತಪ್ಪುಗಳ ಮೂಲ. ಬಹುವಚನಕ್ಕೆ ಕ್ರಿಯಾಪದ ಹೊಂದದಿರುವುದು ಇನ್ನೊಂದು: ‘ಹಣ್ಣು, ಬಟ್ಟೆ, ಬಳೆಗಳು ಸಿಗುತ್ತದೆ’. ಎಲ್ಲವನ್ನೂ ಒಮ್ಮೆಗೇ ತೋರಿಸಿದರೆ ಮಗುವಿಗೆ ಯಾವುದೂ ದಕ್ಕುವುದಿಲ್ಲ. ಒಂದು ಬರಹಕ್ಕೆ ಎರಡು ಬಗೆಯ ತಪ್ಪು ಸಾಕು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮಗು ತನ್ನದೇ ಪಟ್ಟಿ ಇಟ್ಟುಕೊಳ್ಳುತ್ತದೆ: ‘ಸೊಪ್ಪು, ತುಪ್ಪ: ಒತ್ತು ನೋಡು’, ‘ಮುಖ್ಯ, ಸುಖ: ಮಹಾಪ್ರಾಣ’. ಮುಂದಿನ ಸಲ ಕರಡು ಕೊಡುವ ಮುಂಚೆ ಆ ಪಟ್ಟಿ ಹಿಡಿದು ತಾನೇ ನೋಡಿಕೊಳ್ಳಬೇಕು.

ಮನೆಮಾತಿನ ಪ್ರಶ್ನೆಯನ್ನೂ ಇಲ್ಲೇ ಇತ್ಯರ್ಥ ಮಾಡಬೇಕು. ಕಲಬುರಗಿಯ ಮಗುವೂ ಮಂಗಳೂರಿನ ಮಗುವೂ ಯೋಚಿಸುವ ಕನ್ನಡ ಒಂದೇ ಅಲ್ಲ, ಪಠ್ಯಪುಸ್ತಕದ ಕನ್ನಡವಂತೂ ಎರಡೂ ಅಲ್ಲ. ಮೊದಲ ಕರಡು ಮನೆಮಾತಿನಲ್ಲೇ ಬರಲಿ. ಆಮೇಲೆ ಮಾತುಕತೆಯ ಸಾಲುಗಳನ್ನು ಹಾಗೇ ಉಳಿಸಿ, ನಿರೂಪಣೆಯನ್ನು ಗ್ರಂಥಸ್ಥ ಕನ್ನಡಕ್ಕೆ ತರುವುದನ್ನು ಮಗು ಬೇಕೆಂದೇ ಮಾಡಬಹುದು. ಆಗ ತನ್ನ ಮಾತು ತಪ್ಪು ಎಂಬ ಭಾವನೆ ಬರುವುದಿಲ್ಲ; ಎಲ್ಲಿ ಯಾವುದು ಒಪ್ಪುತ್ತದೆ ಎಂಬ ತಿಳಿವಳಿಕೆ ಬರುತ್ತದೆ.

ನಲವತ್ತು ಮಕ್ಕಳು, ನಲವತ್ತು ನಿಮಿಷ

ಮೇಷ್ಟ್ರುಗಳ ಮೊದಲ ಆಕ್ಷೇಪ ಲೆಕ್ಕದ್ದು, ಅದು ನ್ಯಾಯವಾದದ್ದೂ ಹೌದು. ನಲವತ್ತು ಮಕ್ಕಳ ತರಗತಿ, ನಲವತ್ತು ನಿಮಿಷದ ಪೀರಿಯಡ್ಡು. ಒಬ್ಬೊಬ್ಬರಿಗೆ ಮೂರು ನಿಮಿಷವೆಂದರೂ ಎರಡು ಗಂಟೆ. ಹಾಜರಿ, ಶುರುವಿನ ಐದು ನಿಮಿಷದ ಪಾಠ, ಕೊನೆಯ ಓದು ಎಲ್ಲ ಕಳೆದರೆ ಪೀರಿಯಡ್ಡಿನಲ್ಲಿ ಉಳಿಯುವುದು ಇಪ್ಪತ್ತೈದು ನಿಮಿಷ, ಅಂದರೆ ಎಂಟು ಮಕ್ಕಳು. ವಾರಕ್ಕೆ ಎರಡು ಪೀರಿಯಡ್ಡು ಇದಕ್ಕೆಂದೇ ಎತ್ತಿಟ್ಟರೆ ಎಲ್ಲರನ್ನೂ ಮಾತಾಡಿಸಲು ಎರಡೂವರೆ ವಾರ ಬೇಕು. ಕರಡು, ಗೆಳೆಯರ ಓದು, ತಿದ್ದುಪಡಿ ಎಲ್ಲ ಸೇರಿ ಒಂದು ಪ್ರಬಂಧಕ್ಕೆ ತಿಂಗಳು ಹಿಡಿಯುತ್ತದೆ. ವರ್ಷಕ್ಕೆ ಇಪ್ಪತ್ತು ವಿಷಯ ಬರೆಸುವ ಆಸೆಯನ್ನು ಬಿಡಬೇಕು. ಆರೋ ಏಳೋ ಆದೀತು.

ಸಮಯ ಉಳಿಸಲು ಆಟ್‌ವೆಲ್ ಅವರ ಒಂದು ಉಪಾಯ ನಮ್ಮಲ್ಲೂ ನಡೆಯುತ್ತದೆ. ಪೀರಿಯಡ್ಡಿನ ಶುರುವಿನಲ್ಲಿ ಹಾಜರಿ ಕೂಗುವಂತೆ ಒಬ್ಬೊಬ್ಬರ ಹೆಸರು ಕರೆದು, ಇವತ್ತು ಏನು ಮಾಡುತ್ತೀಯ ಎಂದು ಕೇಳಿ, ಉತ್ತರವನ್ನು ಒಂದು ಪದದಲ್ಲಿ ಗುರುತು ಹಾಕಿಕೊಳ್ಳುವುದು: ‘ಮೊದಲ ಕರಡು’, ‘ಎರಡನೇ ಕರಡು’, ‘ಕಾಗುಣಿತ’, ‘ಸಿಕ್ಕಿಕೊಂಡಿದ್ದೇನೆ’. ಎರಡು ಮೂರು ನಿಮಿಷದಲ್ಲಿ ಇಡೀ ತರಗತಿಯ ನಕ್ಷೆ ಮೇಷ್ಟ್ರ ಕೈಗೆ ಸಿಗುತ್ತದೆ. ಸಿಕ್ಕಿಕೊಂಡವರ ಹತ್ತಿರ ಮೊದಲು ಹೋಗಬಹುದು. ಐವರಿಗೆ ಒಂದೇ ತೊಡಕಿದ್ದರೆ ಐವರನ್ನೂ ಒಟ್ಟಿಗೆ ಕೂರಿಸಿ ಮಾತಾಡಬಹುದು. ಉಳಿದವರು ಬರೆಯುತ್ತಲೇ ಇರಬೇಕು. ಸಾಲಾಗಿ ನಿಂತು ಮೇಷ್ಟ್ರಿಗಾಗಿ ಕಾಯುವ ತರಗತಿಯಲ್ಲಿ ಈ ಪದ್ಧತಿ ಮುರಿದುಬೀಳುತ್ತದೆ.

ಎಲ್ಲಿ ಹಳಿ ತಪ್ಪುತ್ತದೆ

ಅತಿ ಸಾಮಾನ್ಯವಾದ ಕೆಡುಕೆಂದರೆ ಎರಡನೇ ಕರಡು ಬರೀ ನಕಲಾಗುವುದು. ದುಂಡಕ್ಷರದಲ್ಲಿ, ಮಾರ್ಜಿನ್ ಎಳೆದು, ಮೊದಲಿನದನ್ನೇ ಇಳಿಸಿಬಿಡುತ್ತಾರೆ. ಪತ್ತೆ ಮಾಡುವುದು ಸುಲಭ: ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಮೊದಲ ಸಾಲು, ಕೊನೆಯ ಸಾಲು, ಹೊಸದಾಗಿ ಬಂದ ವಿವರ, ಬಿಟ್ಟುಹೋದ ವಿವರ ಈ ನಾಲ್ಕನ್ನು ನೋಡಿ. ಒಂದೂ ಬದಲಾಗಿಲ್ಲವಾದರೆ ನಡೆದದ್ದು ಕೈಬರಹದ ಅಭ್ಯಾಸ. ಇದನ್ನು ತಪ್ಪಿಸಲು ಕರಡನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆಸುತ್ತಾರೆ. ಆಗ ಹೊಡೆದುಹಾಕಲು, ಬಾಣ ಎಳೆಯಲು, ಕತ್ತರಿಸಿ ಅಂಟಿಸಲು ಜಾಗವಿರುತ್ತದೆ. ಮತ್ತೆ ಪೂರ್ತಿ ಬರೆಯುವ ಶ್ರಮವೂ ಕಡಿಮೆ.

ಎರಡನೆಯ ಕೆಡುಕು ಮೇಷ್ಟ್ರಿಂದಲೇ ಬರುತ್ತದೆ. ಮಾತುಕತೆ ಮೆಲ್ಲಗೆ ಉಕ್ತಲೇಖನವಾಗುತ್ತದೆ. “ಹೀಗೆ ಬರೆದರೆ ಚೆನ್ನಾಗಿರುತ್ತೆ ನೋಡು” ಎಂದು ಒಂದು ಸಾಲು ಹೇಳಿಕೊಟ್ಟರೆ ಮಗು ತಲೆಯಾಡಿಸಿ ಬರೆದುಕೊಳ್ಳುತ್ತದೆ. ತಿಂಗಳ ಕೊನೆಗೆ ಹತ್ತು ಪ್ರಬಂಧಗಳಲ್ಲಿ ಒಂದೇ ದನಿ ಕೇಳಿಸಿದರೆ ಅದು ಮೇಷ್ಟ್ರದೇ ದನಿ.

ಮೂರನೆಯದು ಆಳವಾದದ್ದು. 1980ರ ದಶಕದಲ್ಲೇ ಲಿಸಾ ಡೆಲ್ಪಿಟ್ ಎಂಬ ಕಪ್ಪು ಶಿಕ್ಷಣತಜ್ಞೆ ಈ ಪದ್ಧತಿಗೆ ಗಟ್ಟಿ ಆಕ್ಷೇಪ ಎತ್ತಿದರು. ಶಿಷ್ಟ ಭಾಷೆ ಮನೆಯಲ್ಲೇ ಸಿಕ್ಕಿರುವ ಮಕ್ಕಳಿಗೆ ಪ್ರಶ್ನೆ ಕೇಳುತ್ತ ಕೂತರೆ ಸಾಕು. ಸಿಗದ ಮಕ್ಕಳಿಗೆ ನಿಯಮಗಳನ್ನು ಬಿಡಿಸಿ ಹೇಳದಿದ್ದರೆ ಅವರು ಹಿಂದೆಯೇ ಉಳಿಯುತ್ತಾರೆ ಎಂಬುದು ಅವರ ವಾದ. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡುವ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಕೂತಿರುವ ನಮ್ಮಲ್ಲಿ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪೀರಿಯಡ್ಡಿನ ಶುರುವಿನ ಐದು ನಿಮಿಷದ ಪಾಠ ಇರುವುದು ಇದಕ್ಕಾಗಿಯೇ. ಪ್ಯಾರಾ ಎಲ್ಲಿ ಮುರಿಯಬೇಕು, ಕಾರಣ ಹೇಳುವ ವಾಕ್ಯ ಹೇಗೆ ಕಟ್ಟಬೇಕು, ಆಡಿದ ಮಾತಿಗೆ ಚಿಹ್ನೆ ಎಲ್ಲಿ ಹಾಕಬೇಕು: ದಿನಕ್ಕೆ ಒಂದೇ ವಿಷಯ, ಬೋರ್ಡಿನ ಮೇಲೆ, ಉದಾಹರಣೆ ಸಮೇತ.

ಅಂಕಿಗಳು ಹೇಳುವುದೂ ಇದನ್ನೇ. ನಾಲ್ಕರಿಂದ ಹನ್ನೆರಡನೇ ತರಗತಿವರೆಗಿನ ಬರವಣಿಗೆ ಪಾಠಗಳ ಕುರಿತ ಹತ್ತಾರು ಪ್ರಯೋಗಗಳನ್ನು ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ಒಟ್ಟುಗೂಡಿಸಿ ತೂಗಿದರು. ಒಂದೇ ಅಳತೆಗೋಲಿನಲ್ಲಿ ಪ್ರಕ್ರಿಯಾ ಪದ್ಧತಿಯ ಪರಿಣಾಮ 0.32, ಯೋಜಿಸುವ, ತಿದ್ದುವ ತಂತ್ರಗಳನ್ನು ಹೆಜ್ಜೆಹೆಜ್ಜೆಯಾಗಿ ಕಲಿಸಿದಾಗ 0.82, ಮಕ್ಕಳು ಒಬ್ಬರಿಗೊಬ್ಬರು ನೆರವಾಗಿ ಬರೆದಾಗ 0.75. ಬರೆಯಲು ಸಮಯ ಬಿಟ್ಟುಕೊಟ್ಟರಷ್ಟೇ ಸಾಲದು, ಹೇಗೆ ತಿದ್ದಬೇಕು ಎಂಬುದನ್ನೂ ತೋರಿಸಿಕೊಡಬೇಕು. ಬರವಣಿಗೆಯಿಂದ ಬೇರ್ಪಡಿಸಿ ಕಲಿಸಿದ ವ್ಯಾಕರಣದ ಪರಿಣಾಮ ಅದೇ ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗಿತ್ತು.

ಪರೀಕ್ಷೆಯ ಮಾತು

ಪರೀಕ್ಷಾ ಕೊಠಡಿಯಲ್ಲಿ ಎರಡನೇ ಕರಡಿಲ್ಲ, ಮಾತಾಡಿಸುವ ಮೇಡಂ ಇಲ್ಲ. ಹಾಗಿರುವಾಗ ಇಷ್ಟೆಲ್ಲ ಯಾಕೆ ಎಂದು ಕೇಳಿದರೆ, ಉತ್ತರ ಆ ಪ್ರಶ್ನೆಗಳಲ್ಲಿದೆ. ವರ್ಷದಲ್ಲಿ ಆರು ಸಲ “ಅಲ್ಲಿ ನೀನೇನು ಮಾಡ್ತೀಯ”, “ಯಾವುದರಿಂದ ಶುರು ಮಾಡ್ತೀಯ” ಎಂದು ಕೇಳಿಸಿಕೊಂಡ ಮಗು ಏಳನೇ ಸಲಕ್ಕೆ ಅದನ್ನು ತನಗೆ ತಾನೇ ಕೇಳಿಕೊಳ್ಳಬಲ್ಲದು. ಇದು ತಾನಾಗಿ ಬರುವುದಿಲ್ಲ, ಅದನ್ನೂ ಅಭ್ಯಾಸ ಮಾಡಿಸಬೇಕು. ಇಪ್ಪತ್ತು ನಿಮಿಷದ ಪ್ರಬಂಧಕ್ಕೆ ಮೊದಲ ನಾಲ್ಕು ನಿಮಿಷ ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಟಿಪ್ಪಣಿ, ಅದರಲ್ಲಿ ತಾನು ಕಂಡ ಒಂದಾದರೂ ಸಂಗತಿ. ಕೊನೆಯ ಮೂರು ನಿಮಿಷ ತನ್ನ ತಪ್ಪುಗಳ ಪಟ್ಟಿ ನೆನೆದು ಒಂದು ಓದು. ಪರೀಕ್ಷೆಗೆ ಮುಂಚಿನ ತಿಂಗಳು ಇದನ್ನು ಗಡಿಯಾರ ಇಟ್ಟು ಮಾಡಿಸಿದರೆ ಆಯಿತು.

ಅದಕ್ಕೂ ಮುಂಚೆ ಶಾಲೆ ಮಾಡಬಹುದಾದ ಒಂದು ಬದಲಾವಣೆಯಿದೆ. ವರ್ಷದ ನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನು ಶಾಲೆಯ ಶಿಕ್ಷಕರೇ ಕೊಡುವುದು. ಪ್ರಬಂಧವನ್ನು ಅದಕ್ಕೆ ಲೆಕ್ಕ ಹಿಡಿಯುವಾಗ ಎಲ್ಲ ಕರಡುಗಳನ್ನೂ ಪಿನ್ ಮಾಡಿ ಕೊಡಲು ಹೇಳಿ, ಕೊನೆಯ ಪ್ರತಿಯ ಜೊತೆಗೆ ಮೊದಲ ಕರಡಿನಿಂದ ಅದು ಎಷ್ಟು ದೂರ ಬಂದಿದೆ ಎಂಬುದಕ್ಕೂ ಅಂಕ ಕೊಡಬಹುದು. ಅಂಕ ಇರುವ ಕಡೆ ಮಕ್ಕಳ ಗಮನವಿರುತ್ತದೆ. ಚಿತ್ತುಕಾಟು ಇರುವ ಹಾಳೆಗೂ ಅಂಕವಿದೆ ಎಂದು ಗೊತ್ತಾದರೆ ಗೈಡಿನಿಂದ ಇಳಿಸುವುದಕ್ಕೆ ಮಕ್ಕಳಿಗೆ ಕಾರಣವೇ ಉಳಿಯುವುದಿಲ್ಲ. ಗೈಡಿನಲ್ಲಿ ಮೊದಲ ಕರಡು ಸಿಗುವುದಿಲ್ಲವಲ್ಲ.